ಎಂಟನೆಯ ಪೀಸನ್ನು ಮೈನರ್ ಎಂದು ಬರೆಯಬಹುದೇ?

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಹೊಸದಾಗಿ ಫೈನಲ್ ಇನ್‌ಸ್ಪೆಕ್ಷನ್‌ಗೆ ಸೇರಿದ್ದೇನೆ. 125 ಪೀಸಿಗೆ 7 ಮೇಜರ್‌ವರೆಗೆ ಪಾಸ್, ನನಗೆ 8 ಸಿಕ್ಕಿವೆ. ಅದರಲ್ಲಿ ಒಂದು ಸಣ್ಣ ಸ್ಕಿಪ್ ಸ್ಟಿಚ್. ಅದನ್ನು ಮೈನರ್ ಎಂದು ಬರೆಯಬಹುದೇ? ಮೇಜರ್, ಮೈನರ್ ವಿಂಗಡಿಸುವುದು ಹೇಗೆ?

ಬೇಡ, ಬರೆಯಬೇಡಿ. ನಾನು ಬರೆದಿದ್ದೆ. ಅದೂ ಎಂಟನೆಯ ಪೀಸೇ, ಅದೂ ಸ್ಕಿಪ್ ಸ್ಟಿಚ್ಚೇ.

ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಚೆಕ್ಕರ್ ಆಗಿದ್ದು ಫೈನಲ್ ಇನ್‌ಸ್ಪೆಕ್ಷನ್‌ಗೆ ಬಂದ ಹೊಸತು. ಗಂಡಸರ ಕಾಟನ್ ಪ್ಯಾಂಟು, 2,400 ಪೀಸು, ಪೆಟ್ಟಿಗೆಗೆ 24ರಂತೆ ನೂರು ಪೆಟ್ಟಿಗೆ. ಎಕ್ಯುಎಲ್, ಅಂದರೆ ನೂರಕ್ಕೆ ಎಷ್ಟು ದೋಷದ ಪೀಸನ್ನು ಒಪ್ಪಬಹುದೆಂಬ ಮಿತಿ, ಮೇಜರ್‌ಗೆ 2.5, ಮೈನರ್‌ಗೆ 4. ಐಎಸ್‌ಒ 2859-1 ಕೋಷ್ಟಕದಲ್ಲಿ ಸಾಮಾನ್ಯ ಹಂತ ಎರಡನ್ನು ಹಿಡಿದರೆ 1,201ರಿಂದ 3,200ರವರೆಗಿನ ಲಾಟಿಗೆ 125 ಪೀಸು ನೋಡಬೇಕು. ಮೇಜರ್ 7ರವರೆಗೆ ಪಾಸ್, 8ಕ್ಕೆ ಫೇಲ್. ಮೈನರ್ 10ರವರೆಗೆ ಪಾಸ್. ನೂರು ಪೆಟ್ಟಿಗೆಗೆ ವರ್ಗಮೂಲ ಹತ್ತು, ಹಾಗಾಗಿ ಹತ್ತು ಪೆಟ್ಟಿಗೆ ಒಡೆಸಿ, ಎಲ್ಲ ಸೈಜೂ ಬರುವಂತೆ ತಲಾ ಹನ್ನೆರಡು ಹದಿಮೂರು ಪೀಸು ತೆಗೆದೆ. ಅಲ್ಲಿಯವರೆಗೆ ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ.

ಸಂಜೆ ಹೊತ್ತಿಗೆ ಮೇಜಿನ ಮೇಲೆ ಮೇಜರ್ ಪೀಸು ಎಂಟಾಗಿದ್ದವು. ತೊಡೆಯ ಮುಂಭಾಗದಲ್ಲಿ ಎಣ್ಣೆ ಕಲೆ ಎರಡು, ಗುಂಡಿ ಇಲ್ಲದ್ದು ಒಂದು, ಹಿಂದಿನ ಜೇಬು ಓರೆಯಾಗಿದ್ದು ಒಂದು, ಬೆಲ್ಟ್ ಲೂಪ್ ಬಿಟ್ಟುಕೊಂಡದ್ದು ಒಂದು, ಬಟ್ಟೆಯಲ್ಲೇ ತೂತು ಒಂದು, ಎರಡು ಕಾಲಿಗೆ ಎರಡು ಬಣ್ಣದ ಛಾಯೆ ಬಂದದ್ದು ಒಂದು. ಎಂಟನೆಯದರಲ್ಲಿ ಕಾಲಿನ ಒಳಬದಿಯ ಹೊಲಿಗೆಯಲ್ಲಿ ಒಂದೇ ಒಂದು ಹೊಲಿಗೆ ಹಾರಿಹೋಗಿತ್ತು. ಕಂಟೇನರ್ ರಾತ್ರಿ ಹೊರಡಬೇಕಿತ್ತು. ಪ್ರೊಡಕ್ಷನ್ ಮ್ಯಾನೇಜರ್ ಬಂದು ಆ ಪ್ಯಾಂಟನ್ನು ಎತ್ತಿ ಹಿಡಿದು, "ನೋಡಮ್ಮ, ಒಂದು ಹೊಲಿಗೆ. ಒಳಗಡೆ. ಯಾರು ಪ್ಯಾಂಟು ತಿರುಗಿಸಿ ನೋಡುತ್ತಾರೆ?" ಎಂದರು. ನಾನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದೆ. ಬಿಡಲಿಲ್ಲ. ಮೈನರ್ ಎಂದು ಬರೆದೆ. ಏಳು ಮೇಜರ್, ಪಾಸ್.

ನನ್ನ ತಪ್ಪು ಎಲ್ಲಿತ್ತೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಿದ್ದರೆ ನೀವು ಸ್ಕಿಪ್ ಸ್ಟಿಚ್ ನೋಡುವ ರೀತಿಯೇ ಬದಲಾಗುತ್ತದೆ.

ಹೊಲಿಗೆ ಹಾರುವುದು ಎಲ್ಲ ಕಡೆ ಒಂದೇ ಅಲ್ಲ. ಸಾಮಾನ್ಯ ಸಿಂಗಲ್ ನೀಡಲ್ ಮಷೀನಿನ ಲಾಕ್ ಸ್ಟಿಚ್‌ನಲ್ಲಿ ಮೇಲಿನ ದಾರ ಮತ್ತು ಬಾಬಿನ್ ದಾರ ಪ್ರತಿ ಹೊಲಿಗೆಯಲ್ಲೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅಲ್ಲಿ ಒಂದು ಹಾರಿದರೆ ಆ ಜಾಗದಲ್ಲಿ ಉದ್ದನೆಯ ಒಂದು ಹೊಲಿಗೆ ಕಾಣುತ್ತದೆ, ಅಕ್ಕಪಕ್ಕದವು ತಮ್ಮಷ್ಟಕ್ಕೆ ನಿಂತಿರುತ್ತವೆ. ಆದರೆ ಆ ಪ್ಯಾಂಟಿನ ಕಾಲನ್ನು ಫೈವ್ ಥ್ರೆಡ್ ಓವರ್‌ಲಾಕ್‌ನಲ್ಲಿ ಹೊಲಿದಿದ್ದರು. ಅದರಲ್ಲಿ ಎರಡು ಸಾಲು ಇರುತ್ತವೆ. ಬಟ್ಟೆಯ ಅಂಚನ್ನು ಸುತ್ತುವ ಓವರ್‌ಲಾಕ್ ಒಂದು, ಅದರ ಪಕ್ಕದಲ್ಲಿ ನೇರವಾಗಿ ಓಡುವ ಚೈನ್ ಸ್ಟಿಚ್ ಇನ್ನೊಂದು. ಎರಡು ತುಂಡುಗಳನ್ನು ನಿಜವಾಗಿ ಕೂಡಿಸಿ ಹಿಡಿಯುವುದು ಆ ಚೈನ್. ಅಲ್ಲಿ ಸೂಜಿ ದಾರದ ಪ್ರತಿ ಕುಣಿಕೆಯನ್ನೂ ಕೆಳಗೆ ಲೂಪರ್ ಎಂಬ ಕೊಕ್ಕೆ ತರುವ ದಾರ ಹಿಡಿದುಕೊಂಡಿರುತ್ತದೆ, ಆ ಹಿಡಿತವನ್ನು ಮುಂದಿನ ಹೊಲಿಗೆ ಕಾಯುತ್ತದೆ. ಅಕ್ಕಿ ಮೂಟೆಯ ಬಾಯಿ ಬಿಚ್ಚಿದ್ದೀರಲ್ಲ? ಸರಿಯಾದ ತುದಿ ಕೈಗೆ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರೆಂದು ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಅದೂ ಚೈನ್ ಹೊಲಿಗೆಯೇ. ಚೈನ್‌ನಲ್ಲಿ ಒಂದು ಹೊಲಿಗೆ ಹಾರಿತೆಂದರೆ ಅಂಥದೊಂದು ತುದಿಯನ್ನು ನಾವೇ ಬಿಟ್ಟುಕೊಟ್ಟಂತೆ.

ನಾನು ಎಳೆದಾಗ ಬಿಡಲಿಲ್ಲ ಎಂದೆನಲ್ಲ, ಏಕೆಂದರೆ ಪಕ್ಕದ ಓವರ್‌ಲಾಕ್ ಹಿಡಿದುಕೊಂಡಿತ್ತು. ಗಟ್ಟಿ ಹೊಲಿಗೆ ಎಂದು ನಾನು ತಿಳಿದದ್ದು ಅಂಚು ಸುತ್ತುವ ಸಾಲಿನ ಹಿಡಿತವನ್ನು. ಬಟ್ಟೆಯನ್ನು ಹೊರಮಗ್ಗುಲಿಗೆ ತಿರುಗಿಸಿ, ಹೊಲಿಗೆಗೆ ಅಡ್ಡವಾಗಿ ಎಳೆದು ನೋಡಿದ್ದರೆ ಸಂದಿಯಲ್ಲಿ ದಾರ ಹಲ್ಲು ಕಿರಿದಂತೆ ಕಾಣುತ್ತಿತ್ತು. ನಾನು ಉದ್ದಕ್ಕೆ ಎಳೆದಿದ್ದೆ.

ಇಷ್ಟೇ ಆಗಿದ್ದರೆ ಒಂದು ಪ್ಯಾಂಟಿನ ವಿಷಯ. ಆದರೆ ನನ್ನ ಮೈನರ್ ಪಟ್ಟಿಯಲ್ಲಿ ಆಗಲೇ ಎರಡು ಸ್ಕಿಪ್ ಸ್ಟಿಚ್ ಇದ್ದವು. ಮಧ್ಯಾಹ್ನ ನನ್ನ ಜೊತೆಗೆ ನೋಡುತ್ತಿದ್ದ ಹುಡುಗಿ ಬರೆದಿದ್ದಳು, ನಾನು ಸಹಿ ಹಾಕಿದ್ದೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನೋಡಿದ್ದರೆ ಮೂರೂ ಒಂದೇ ಜಾಗದಲ್ಲಿವೆ ಎಂದು ತಿಳಿಯುತ್ತಿತ್ತು. ಎರಡು ಕಾಲು ಸೇರುವ ಕವಲಿನಲ್ಲಿ ನಾಲ್ಕು ಕಡೆಯ ಹೊಲಿಗೆ ಕೂಡಿ ಬಟ್ಟೆ ದಪ್ಪವಾಗುತ್ತದೆ. ಆ ಉಬ್ಬನ್ನು ದಾಟುವಾಗ ಸೂಜಿ ಕೂದಲೆಳೆಯಷ್ಟು ಬಾಗುತ್ತದೆ. ಲೂಪರಿನ ತುದಿ ಸವೆದಿದ್ದರೆ ಅಥವಾ ಅದರ ಟೈಮಿಂಗ್ ಸ್ವಲ್ಪ ಜರುಗಿದ್ದರೆ ಕುಣಿಕೆ ಅದಕ್ಕೆ ಸಿಗುವುದಿಲ್ಲ, ಹೊಲಿಗೆ ಹಾರುತ್ತದೆ. ಮೂರು ಪ್ಯಾಂಟಿನಲ್ಲೂ ಉಬ್ಬು ದಾಟಿದ ಕೂಡಲೇ ಹಾರಿತ್ತು. ಇದು ಕೈತಪ್ಪಿನಿಂದ ಆಗುವ ದೋಷವಲ್ಲ. ಒಂದು ಮಷೀನು ತಾನು ಹೊಲಿದ ಪೀಸುಗಳಲ್ಲೆಲ್ಲ ಆಗಾಗ ಇದನ್ನೇ ಮಾಡುತ್ತಿತ್ತು.

ಹೀಗೆ ಸರಿಯಾಗಿ ಎಣಿಸಿದ್ದರೆ ನನ್ನ ಮೇಜರ್ ಸಂಖ್ಯೆ ಏಳೂ ಅಲ್ಲ, ಎಂಟೂ ಅಲ್ಲ, ಹತ್ತು.

ಒಂದೂವರೆ ತಿಂಗಳಿಗೆ ಖರೀದಿದಾರರಿಂದ ಫೋಟೋಗಳು ಬಂದವು. ಎರಡು ಮೂರು ಸಲ ಒಗೆದ ಪ್ಯಾಂಟುಗಳು, ಕವಲಿನ ಕೆಳಗೆ ಗೇಣುದ್ದ ಚೈನ್ ಬಿಚ್ಚಿ ಸಂದಿ ಬಾಯಿ ಬಿಟ್ಟಿತ್ತು. ಅಂಗಡಿಗಳಲ್ಲಿ ಉಳಿದ ಮಾಲನ್ನು ಅಲ್ಲೇ ಒಂದೊಂದಾಗಿ ನೋಡಿಸಿ, ಆ ಖರ್ಚನ್ನು ಕಾರ್ಖಾನೆಯ ಲೆಕ್ಕಕ್ಕೆ ಹಾಕಿದರು. ನನ್ನ ಸಹಿ ಇದ್ದ ವರದಿ ಎಲ್ಲರ ಕೈಗೂ ಹೋಯಿತು. ಅದಕ್ಕಿಂತ ನನಗೆ ನೋವಾದದ್ದು ಬೇರೆ. ಆ ಮಷೀನಿನ ಟೈಲರ್ ಅಕ್ಕನನ್ನು ಕರೆಸಿ ಎಲ್ಲರ ಎದುರು ಬೈದರು. ಆಕೆ ಹೊರಗೆ ಬಂದು ನನ್ನ ಹತ್ತಿರ ಹೇಳಿದ್ದು: "ದಪ್ಪದ ಹತ್ತಿರ ಬಿಡುತ್ತಿದೆ ಎಂದು ಮೆಕ್ಯಾನಿಕ್‌ಗೆ ಎರಡು ಸಲ ಹೇಳಿದೆ ಮೇಡಂ. ಸೂಜಿ ಬದಲಾಯಿಸಿ ಹೋದರು. ನೀವಾದರೂ ಫೇಲ್ ಮಾಡಿದ್ದರೆ ಲೂಪರ್ ನೋಡುತ್ತಿದ್ದರು." ಅದು ನಿಜ. ನಾನು ಫೇಲ್ ಎಂದು ಬರೆದಿದ್ದರೆ ಎಲ್ಲ ಪೆಟ್ಟಿಗೆ ತೆರೆಯಬೇಕಾಗುತ್ತಿತ್ತು, ಕಾರಣ ಹುಡುಕಬೇಕಾಗುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಏಳು ದೋಷ ಬಿಡಲು ಅನುಮತಿ ಇದೆ, ಎಂಟಾಗಿದೆ, ಒಂದನ್ನು ಹೊಂದಿಸೋಣ ಎಂಬ ಲೆಕ್ಕದಲ್ಲಿ ನೀವು ಕೇಳುತ್ತಿದ್ದೀರಿ. ಆ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. 125ಕ್ಕೆ 2.5ರಂತೆ ನೋಡಿದರೆ ಮೂರು ಪೀಸು ಮಾತ್ರ ಬರಬೇಕು. ಕೋಷ್ಟಕ ಏಳು ಕೊಡುವುದು ಅದೃಷ್ಟ ಕೆಟ್ಟ ದಿನ ಒಳ್ಳೆಯ ಲಾಟು ಸುಮ್ಮನೆ ಫೇಲ್ ಆಗದಿರಲಿ ಎಂದು. ನಿಜವಾಗಿ ನೂರಕ್ಕೆ ಎರಡೂವರೆ ದೋಷವಿರುವ ಲಾಟು ಈ ಲೆಕ್ಕದಲ್ಲಿ ನೂರು ಸಲಕ್ಕೆ ಒಂದೆರಡು ಸಲ ಮಾತ್ರ ಫೇಲ್ ಆಗುತ್ತದೆ. ನೂರಕ್ಕೆ ಐದು ಕೆಟ್ಟಿದ್ದರೂ, ಅಂದರೆ 2,400ರಲ್ಲಿ 120 ಪ್ಯಾಂಟು ಕೆಟ್ಟಿದ್ದರೂ, ಹತ್ತಕ್ಕೆ ಏಳು ಸಲ ಪಾಸ್ ಆಗುತ್ತದೆ. ಕೊಡಬೇಕಾದ ರಿಯಾಯಿತಿಯನ್ನೆಲ್ಲ ಕೋಷ್ಟಕವೇ ಕೊಟ್ಟಾಗಿದೆ. ಅದರ ಮೇಲೂ ಎಂಟು ಬಂದಿದೆ ಎಂದರೆ ಲಾಟಿನ ಸ್ಥಿತಿ ನೀವು ಅಂದುಕೊಂಡದ್ದಕ್ಕಿಂತ ಕೆಟ್ಟಿದೆ.

ವಿಂಗಡಿಸುವಾಗ ದೋಷ ಎಷ್ಟು ದೊಡ್ಡದು ಎಂದು ನೋಡಬೇಡಿ, ಅದು ಮುಂದೆ ಏನಾಗುತ್ತದೆ ಎಂದು ನೋಡಿ. ಮುರಿದ ಸೂಜಿ ತುದಿ, ಗುಂಡುಪಿನ್ನು, ಬೂಷ್ಟು ಇವು ಧರಿಸುವವರಿಗೆ ಅಪಾಯ ತರುವಂಥವು, ಕ್ರಿಟಿಕಲ್. ಇವಕ್ಕೆ ಎಣಿಕೆಯೇ ಇಲ್ಲ, ಒಂದು ಸಿಕ್ಕರೂ ಲಾಟು ನಿಲ್ಲಬೇಕು. ಗಿರಾಕಿ ವಾಪಸ್ ತರುವಂಥದ್ದು, ಅಥವಾ ನಾಲ್ಕು ಸಲ ಒಗೆದ ಮೇಲೆ ವಾಪಸ್ ತರುವಂತಾಗುವುದು ಮೇಜರ್. ಕಂಡರೂ ಕೊಳ್ಳುತ್ತಾರೆ, ಕೊಂಡ ಮೇಲೂ ಕೆಡುವುದಿಲ್ಲ ಎನ್ನುವಂಥದ್ದು ಮೈನರ್.

ಉದಾಹರಣೆಗೆ ಕತ್ತರಿಸದ ದಾರ. ಅದನ್ನು ಎಲ್ಲರೂ ಕಣ್ಣು ಮುಚ್ಚಿ ಮೈನರ್ ಎಂದು ಬರೆಯುತ್ತಾರೆ. ಜೇಬಿನ ತುದಿಯಲ್ಲಿ ಲಾಕ್ ಸ್ಟಿಚ್‌ನ ದಾರ ನೇತಾಡುತ್ತಿದ್ದರೆ ಮೈನರ್ ನಿಜ. ಅದೇ ಉದ್ದದ ದಾರ ಗುಂಡಿಯ ಕೆಳಗೆ ನೇತಾಡುತ್ತಿದ್ದರೆ ಮೊದಲು ಗುಂಡಿಯನ್ನು ತಿರುಗಿಸಿ ನೋಡಿ. ಅನೇಕ ಗುಂಡಿ ಮಷೀನುಗಳು ಒಂದೇ ದಾರದ ಚೈನ್ ಹಾಕುತ್ತವೆ. ಆ ತುದಿ ಬೆರಳಿಗೆ ಸಿಕ್ಕಿ ಎಳೆದರೆ ಗುಂಡಿಯೇ ಕೈಗೆ ಬರುತ್ತದೆ. ಅಲ್ಲಿ ನಾನು ಮೇಜರ್ ಎಂದೇ ಬರೆಯುತ್ತೇನೆ. ಖರೀದಿದಾರರ ಕೈಪಿಡಿಯಲ್ಲಿ ಬೇರೆ ರೀತಿ ಸ್ಪಷ್ಟವಾಗಿ ಬರೆದಿದ್ದರೆ ಅದೇ ಅಂತಿಮ. ಆದರೆ ಕೈಪಿಡಿ ಸುಮ್ಮನಿರುವ ಕಡೆ ಯಾವ ಮಷೀನಿನ ಹೊಲಿಗೆ ಎಂದು ತಿಳಿಯದೆ ಪೆನ್ನು ಎತ್ತಬೇಡಿ. ಒಂದೇ ಪೀಸಿನಲ್ಲಿ ಎರಡು ದೋಷ ಸಿಕ್ಕರೆ ದೊಡ್ಡದನ್ನು ಹಿಡಿದು ಒಂದೇ ಸಲ ಎಣಿಸುವುದು ಬಹುತೇಕ ಕಡೆಯ ಕ್ರಮ. ಅದೂ ಕೈಪಿಡಿಯಲ್ಲಿರುತ್ತದೆ.

ನಿಮ್ಮ ಮೇಲೆ ಒತ್ತಡ ಇರುತ್ತದೆ, ಗೊತ್ತು. ಪೀಸನ್ನು ಸರಿ ಮಾಡಿಸಿ ಅದರ ಬದಲು ಇನ್ನೊಂದನ್ನು ತೆಗೆದುಕೊಳ್ಳಿ ಎಂದೂ ಹೇಳುತ್ತಾರೆ. ಅದೂ ಆಗದು. ಸ್ಯಾಂಪಲ್‌ನಲ್ಲಿ ಸಿಕ್ಕ ದೋಷ ಹೊಲಿದು ಮುಚ್ಚಿದರೆ ಹೋಗುವುದು ಸ್ಯಾಂಪಲ್‌ನಿಂದ ಮಾತ್ರ. 8 ಎಂದು ಬರೆದು ಫೇಲ್ ಮಾಡಿ. ಎಲ್ಲ ಪೆಟ್ಟಿಗೆ ತೆರೆಸಿ ಆ ದೋಷಗಳಿಗಾಗಿ ಪೂರ್ತಿ ಮಾಲು ನೋಡಲಿ, ಆಮೇಲೆ ಬೇರೆ ಪೆಟ್ಟಿಗೆಗಳಿಂದ ಹೊಸ 125 ತೆಗೆದು ಮತ್ತೆ ನೋಡಿ.

ಪೆಟ್ಟಿಗೆ ತೆರೆಸುವ ಮೊದಲು ಒಂದು ಕೆಲಸವಿದೆ, ಅರ್ಧ ಗಂಟೆ ಸಾಕು. ಆ ಎಂಟು ಪೀಸನ್ನೂ, ಮೈನರ್ ಎಂದು ಬದಿಗಿಟ್ಟವನ್ನೂ ಒಳಮಗ್ಗುಲು ಮಾಡಿ ಮೇಜಿನ ಮೇಲೆ ಹರಡಿ. ದೋಷದ ಹೆಸರಿನ ಪ್ರಕಾರ ಬೇಡ, ದೋಷ ಇರುವ ಜಾಗದ ಪ್ರಕಾರ ಜೋಡಿಸಿ. ಒಂದೇ ಜಾಗದಲ್ಲಿ ಎರಡು ಕಂಡರೆ ಆ ಪೀಸುಗಳನ್ನು ಹಿಡಿದುಕೊಂಡು ಲೈನಿಗೆ ಹೋಗಿ, ಆ ಹೊಲಿಗೆ ಹಾಕುವವರನ್ನೇ ಕೇಳಿ.