‘ಅಗೌರವದ ವರ್ತನೆ’ ಎಂದು ಬರೆದ ನೋಟಿಸ್ ಏಕೆ ನಿಲ್ಲಲಿಲ್ಲ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಇವರು ಶಿಫ್ಟ್ ಸೂಪರ್‌ವೈಸರ್. ರಾತ್ರಿ ನಿದ್ದೆ ಇಲ್ಲ, ಗೇಟು ಹತ್ತಿರವಾದಂತೆ ಎದೆ ಬಿಗಿಯುತ್ತದೆ ಎಂದು ಸಲಹೆಗಾಗಿ ನನ್ನ ಬಳಿ ಬಂದಿದ್ದರು. ಮಂಡ್ಯ ಕಡೆಯ ಒಬ್ಬ ಆಪರೇಟರ್‌ಗೆ ‘ಅಗೌರವದ ವರ್ತನೆ’ ಎಂದು ನೋಟಿಸ್ ಕೊಟ್ಟಿದ್ದರು. ಎಚ್‌ಆರ್‌ನವರು ಅದನ್ನು ಹಿಂದಿರುಗಿಸಿ, ‘ಆತ ಮಾಡಿದ್ದೇನು?’ ಎಂದು ಕೇಳಿದರು. ಇವರ ಬಳಿ ಉತ್ತರವಿರಲಿಲ್ಲ. ‘ಸಾರ್‌ಗೆ ನಮ್ಮ ಹುಡುಗನ ಮೇಲೆ ಕಣ್ಣು’ ಎಂದು ಲೈನಿನವರು ಮಾತಾಡಿಕೊಳ್ಳತೊಡಗಿದರು.

ಕಂಪನಿಯ ನೀತಿಸಂಹಿತೆಯಲ್ಲಿ ಇದ್ದದ್ದು ಒಂದೇ ಸಾಲು: ‘ಎಲ್ಲರೂ ಪರಸ್ಪರ ಗೌರವದಿಂದ ನಡೆದುಕೊಳ್ಳಬೇಕು.’ ಇಂಥ ಸಾಲು ಕಾನೂನಿನ ಎದುರೂ ಗಟ್ಟಿಯಾಗಿ ನಿಲ್ಲುವುದಿಲ್ಲ. 1984ರ ಎ.ಎಲ್. ಕಾಲ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ‘ನೌಕರನಿಗೆ ತಕ್ಕುದಲ್ಲದ್ದನ್ನು ಮಾಡಬಾರದು’ ಎಂಬಂಥ ಸಾಮಾನ್ಯ ನಿರೀಕ್ಷೆಯನ್ನೇ ದುರ್ನಡತೆಯ ಆರೋಪವಾಗಿ ಹೊರಿಸಲು ಒಪ್ಪಲಿಲ್ಲ. ಯಾವುದು ತಕ್ಕುದಲ್ಲ ಎಂಬುದು ನೋಡುವವರಿಂದ ನೋಡುವವರಿಗೆ ಬದಲಾಗುತ್ತದೆ. ಲೈನಿನವರ ದೂರಿನ ತಿರುಳೂ ಇದೇ ಆಗಿತ್ತು.

ಮೊದಲು ಅವರಿಗೆ ಕೊಟ್ಟ ಕೆಲಸ, ಆ ದಿನ ಕಿವಿಗೆ ಬಿದ್ದದ್ದನ್ನೂ ಕಣ್ಣಿಗೆ ಕಂಡದ್ದನ್ನೂ ಮಾತ್ರ ಬರೆಯುವುದು. ‘ದಿಮಾಕು’, ‘ನಿರ್ಲಕ್ಷ್ಯ’, ‘ಬೇಕಂತಲೇ’ ಎಂಬ ಪದಗಳು ಬಂದ ಕಡೆಯೆಲ್ಲ ಗೀಟು ಎಳೆದೆವು, ಏಕೆಂದರೆ ಅವು ಊಹೆಗಳು. ಕೊನೆಗೆ ಉಳಿದದ್ದು ಎರಡು ಸಂಗತಿ. ಮಧ್ಯಾಹ್ನ ಎರಡರ ಶಿಫ್ಟ್ ಬದಲಾವಣೆಯಲ್ಲಿ ಆತ, ಮುಂದಿನವನು ಬರುವ ಮೊದಲೇ ಯಂತ್ರ ಬಿಟ್ಟು ಹೋಗಿದ್ದ. ಹೊಸದಾಗಿ ಸೇರಿದ ಹುಡುಗನನ್ನು ಮೀಟಿಂಗ್‌ನಲ್ಲಿ ಎಲ್ಲರೆದುರು ‘ಏಯ್ ಕುಳ್ಳ, ನಿಂಗೇನೋ ಗೊತ್ತು?’ ಎಂದಿದ್ದ.

ಮೊದಲನೆಯದನ್ನು ನಿಯಮವಾಗಿಸುವುದು ಸುಲಭ: ಮುಂದಿನವರು ಬರುವವರೆಗೆ ಯಂತ್ರದ ಬಳಿ ಇರಬೇಕು, ಬಾಕಿ ಬ್ಯಾಚು, ರಿಜೆಕ್ಟ್ ಆದ ಪೀಸು, ಯಂತ್ರದ ತೊಂದರೆ ಈ ಮೂರನ್ನು ಬಾಯಿಮಾತಿನಲ್ಲಿ ಹೇಳಿ ಲಾಗ್‌ಬುಕ್‌ಗೆ ಇಬ್ಬರೂ ಸಹಿ ಹಾಕಬೇಕು. ಮುಂದಿನವರು ತಡವಾದರೆ ಸೂಪರ್‌ವೈಸರ್‌ಗೆ ಒಪ್ಪಿಸಿ ಹೋಗಬಹುದು. ಈ ಕೊನೆಯ ಮಾತು ಇಲ್ಲದಿದ್ದರೆ ಬಸ್ ತಪ್ಪಿಸಿಕೊಂಡವರು ನಿಯಮವನ್ನೇ ದ್ವೇಷಿಸುತ್ತಾರೆ.

ಎರಡನೆಯದು ನಿಜಕ್ಕೂ ಕಷ್ಟದ್ದು. ‘ಏಕವಚನ ನಿಷೇಧ’ ಎಂದು ಬರೆಯಲು ಇವರು ಹೊರಟಿದ್ದರು. ನಾನು ಬೇಡ ಎಂದೆ. ಮಂಡ್ಯದ ಕಡೆ ‘ಬಾರ್ಲಾ, ಕೂತ್ಕೋ’ ಎನ್ನುವುದು ಸಲಿಗೆ. ಅದನ್ನು ನಿಷೇಧಿಸಿದರೆ ದಿನಕ್ಕೆ ನೂರು ಸಲ ನಿಯಮ ಮುರಿಯುತ್ತದೆ, ಸೂಪರ್‌ವೈಸರ್ ತನಗಾಗದವರನ್ನಷ್ಟೇ ಹಿಡಿಯುತ್ತಾರೆ. ‘ಅಗೌರವ ತೋರಬಾರದು’ ಎಂಬುದೂ ಸಾಲದು, ಮೂಲೆಯಲ್ಲಿ ಸುಮ್ಮನೆ ಕೂತವರೂ ಅದನ್ನು ಪಾಲಿಸಿದಂತೆಯೇ. ಹಾಗಾಗಿ ನಾಲ್ಕು ವಾಕ್ಯಗಳಲ್ಲಿ ಬರೆದೆವು. ಮೀಟಿಂಗ್‌ನಲ್ಲಿ ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಬೇಕು. ಕೆಲಸದ ತಪ್ಪನ್ನು ಆ ವ್ಯಕ್ತಿಗೆ ಪಕ್ಕಕ್ಕೆ ಕರೆದು, ತಪ್ಪಾದ ಪೀಸನ್ನು ತೋರಿಸಿ ಹೇಳಬೇಕು (ಕೈ ಸಿಕ್ಕಿಕೊಳ್ಳುವಂಥ ಅಪಾಯವಿದ್ದರೆ ಅಲ್ಲೇ ಕೂಗಿ ಹೇಳುವುದೇ ಸರಿ). ಜಾತಿ, ಮೈಕಟ್ಟು, ಊರು ಹಿಡಿದು ಯಾರನ್ನೂ ಕರೆಯಬಾರದು. ಬೇರೆ ಯಾವುದೇ ಅಡ್ಡಹೆಸರು ಅಥವಾ ಏಕವಚನ ಬೇಡವೆಂದು ಒಬ್ಬರು ಒಮ್ಮೆ ಹೇಳಿದ ಮೇಲೆ ಅವರನ್ನು ಮತ್ತೆ ಹಾಗೆ ಕರೆಯಬಾರದು. ‘ಹೇಳಿದ ಮೇಲೆ’ ಎಂಬುದರಿಂದ ಸಲಿಗೆಗೂ ಅವಮಾನಕ್ಕೂ ನಡುವಿನ ಗೆರೆ ಸೂಪರ್‌ವೈಸರ್‌ನ ಮನಸ್ಸಿನಿಂದ ಹೊರಗೆ ಬರುತ್ತದೆ.

ಬರೆದದ್ದನ್ನು ಪರೀಕ್ಷಿಸುವ ಬಗೆಯನ್ನೂ ಹೇಳಿದೆ. ನಡೆದಿರುವ ನಾಲ್ಕು ಘಟನೆಗಳನ್ನು ಹೆಸರಿಲ್ಲದೆ ಬರೆದು, ಇನ್ನೊಂದು ಶಿಫ್ಟಿನ ಸೂಪರ್‌ವೈಸರ್‌ಗೆ ಕೊಡಿ. ಇಬ್ಬರೂ ಬೇರೆ ಬೇರೆ ಕೂತು ‘ಮುರಿದಿದೆ, ಇಲ್ಲ’ ಎಂದು ಗುರುತು ಹಾಕಿ. ಇವರಿಬ್ಬರ ಉತ್ತರ ಬೇರೆಯಾದದ್ದು ‘ಪಕ್ಕಕ್ಕೆ ಕರೆದು’ ಎಂಬಲ್ಲಿ. ಒಬ್ಬರಿಗೆ ಎರಡು ಹೆಜ್ಜೆ ಸಾಕು, ಇನ್ನೊಬ್ಬರಿಗೆ ಕ್ಯಾಬಿನ್ನೇ ಆಗಬೇಕು. ‘ಬೇರೆಯವರಿಗೆ ಕೇಳಿಸದಷ್ಟು ದೂರ’ ಎಂದು ತಿದ್ದಿದೆವು.

ಹಳೆಯ ನೋಟಿಸನ್ನು ಅವರೇ ಹಿಂಪಡೆಯಬೇಕು ಎಂದೆ. ಅವರಿಗೆ ಅದು ಸೋಲಿನಂತೆ ಕಂಡಿತು, ಒಪ್ಪಲು ಎರಡು ಭೇಟಿ ಹಿಡಿಯಿತು. ಆದರೆ ಮೊದಲೇ ತಿಳಿಸದ ನಿಯಮಕ್ಕೆ ಶಿಕ್ಷೆ ಕೊಡುವುದು ನ್ಯಾಯವಲ್ಲ. ಎಚ್‌ಆರ್ ಒಪ್ಪಿಗೆ ಪಡೆದು, ಎಲ್ಲ ಶಿಫ್ಟಿಗೂ ಓದಿ ಹೇಳಿ, ಆ ತಾರೀಖಿನಿಂದಾಚೆಗಷ್ಟೇ ಲೆಕ್ಕ. ಶಿಕ್ಷೆ ಏನಿದ್ದರೂ ಕಂಪನಿಯ ಸ್ಥಾಯೀ ಆದೇಶದ ಪ್ರಕಾರವೇ. ಲೈನಿಗೆಂದು ನಾವು ಬರೆದ ನಿಯಮಗಳ ಪಟ್ಟಿ ಅದಕ್ಕೆ ಬದಲಿಯಲ್ಲ. ಮಹಿಳೆಯೊಬ್ಬರಿಗೆ ಲೈಂಗಿಕ ಅರ್ಥದ ಮಾತು ಆಡಿದ್ದು ಕೇಳಿಬಂದರೆ ಸೂಪರ್‌ವೈಸರ್ ತೀರ್ಮಾನಕ್ಕೆ ಕೂರಬಾರದು, ಅದು ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ಹೋಗಬೇಕು.

ಇನ್ನು ಮುಂದೆ ಘಟನೆ ನಡೆದರೆ ಅದೇ ಶಿಫ್ಟ್ ಮುಗಿಯುವ ಮೊದಲು ಬರೆದಿಡಬೇಕು: ದಿನ, ಹೊತ್ತು, ಜಾಗ, ಆಡಿದ ಮಾತು ಆಡಿದಂತೆಯೇ, ಅಲ್ಲಿದ್ದವರು, ಆತ ಕೊಟ್ಟ ಕಾರಣ. ಕಾರಣದ ಜಾಗ ಖಾಲಿ ಇದ್ದರೆ ಆ ಚೀಟಿ ಎಚ್‌ಆರ್‌ಗೆ ಹೋಗಬಾರದು. ಇದೇ ಚೀಟಿಯನ್ನು ಸೂಪರ್‌ವೈಸರ್ ಮೇಲೂ ಆಪರೇಟರ್‌ಗಳು ಬರೆಯಬಹುದು ಎಂಬ ಸಾಲನ್ನು ಸೇರಿಸಲು ಅವರು ಮೊದಲು ಹಿಂಜರಿದರು, ನಂತರ ತಮ್ಮ ಕೈಯಾರೆ ಬರೆದರು.