2030ರ ಚಿಪ್‌ನಲ್ಲಿ ಎಷ್ಟು ಟ್ರಾನ್ಸಿಸ್ಟರ್? ಲಾಗ್ ಸ್ಕೇಲ್ ಮೇಲೆ ಗೆರೆ ಎಳೆದು ನೋಡೋಣ

ಪ್ರಶ್ನೆ: ಚಿಪ್‌ನಲ್ಲಿರೋ ಟ್ರಾನ್ಸಿಸ್ಟರ್ ಎರಡು ವರ್ಷಕ್ಕೊಮ್ಮೆ ಡಬಲ್ ಆಗುತ್ತೆ ಅಂತಾರಲ್ಲ, ಹಳೇ ಡೇಟಾ ಇಟ್ಕೊಂಡು 2030ರಲ್ಲಿ ಎಷ್ಟಿರುತ್ತೆ ಅಂತ ಲೆಕ್ಕ ಹಾಕೋದು ಹೇಗೆ? ಎಕ್ಸೆಲ್‌ನಲ್ಲಿ ಗ್ರಾಫ್ ಹಾಕಿದ್ರೆ ಎಲ್ಲಾ ಚುಕ್ಕಿನೂ ತಳಕ್ಕೆ ಅಂಟ್ಕೊಂಡಿದೆ, ಕೊನೇದು ಮಾತ್ರ ಮೇಲಿದೆ.

ಉತ್ತರ:

ನಿಮ್ಮ ಡೇಟಾದಲ್ಲಿ ತಪ್ಪಿಲ್ಲ, ಸ್ಕೇಲ್ ಬದಲಾಯಿಸ್ಬೇಕು ಅಷ್ಟೇ. ಕೊನೇ ಚುಕ್ಕಿ 2020ರ ಆಪಲ್ ಎಂ1 ಅಂದ್ಕೊಳ್ಳಿ, ಅದ್ರಲ್ಲಿ 1,600 ಕೋಟಿ ಟ್ರಾನ್ಸಿಸ್ಟರ್. ಗ್ರಾಫ್ 16 ಸೆಂಟಿಮೀಟರ್ ಎತ್ತರ ಇದ್ರೆ ಒಂದು ಸೆಂಟಿಮೀಟರ್‌ಗೆ 100 ಕೋಟಿ ಆಯ್ತು. 2000ದ ಪೆಂಟಿಯಂ 4ರಲ್ಲಿ 4.2 ಕೋಟಿ ಇತ್ತು, ಅದು ಈ ಗ್ರಾಫ್‌ನಲ್ಲಿ ಅರ್ಧ ಮಿಲಿಮೀಟರ್ ಎತ್ತರಕ್ಕೂ ಬರಲ್ಲ. 1971ರ ಇಂಟೆಲ್ 4004ರ 2,300 ಅಂತೂ ಕಣ್ಣಿಗೇ ಕಾಣಲ್ಲ. ಮೂವತ್ತು ವರ್ಷದ ಕಥೆ ಪೂರ್ತಿ ಗೆರೆಯ ದಪ್ಪದೊಳಗೇ ಮುಚ್ಚಿಹೋಗುತ್ತೆ.

ಈಗ ಸಂಖ್ಯೆ ಬದಲು ಅದರ ಲಾಗ್ ತಗೊಂಡು ನೋಡಿ, ಬೇಸ್ 10 ಸಾಕು. ನಾನು ಐದೇ ಚಿಪ್ ತಗೊಳ್ತೀನಿ, ಎಲ್ಲಾ ಇಂಟೆಲ್‌ದೇ. 1971ರ 4004ರಲ್ಲಿ 2,300, ಲಾಗ್ 3.36. 1978ರ 8086ರಲ್ಲಿ 29,000, ಲಾಗ್ 4.46. 1985ರ 386ರಲ್ಲಿ 2.75 ಲಕ್ಷ, ಲಾಗ್ 5.44. 1993ರ ಪೆಂಟಿಯಂನಲ್ಲಿ 31 ಲಕ್ಷ, ಲಾಗ್ 6.49. 2000ದ ಪೆಂಟಿಯಂ 4ರಲ್ಲಿ 4.2 ಕೋಟಿ, ಲಾಗ್ 7.62. ಮಧ್ಯದ ಅಂತರ ನೋಡಿ, ಪ್ರತಿ ಏಳೆಂಟು ವರ್ಷಕ್ಕೆ ಲಾಗ್ ಹೆಚ್ಚುಕಮ್ಮಿ ಒಂದೊಂದೇ ಏರಿದೆ: 1.10, 0.98, 1.05, 1.13. ಲಾಗ್ ಒಂದು ಏರೋದು ಅಂದ್ರೆ ಸಂಖ್ಯೆ ಹತ್ತು ಪಟ್ಟು ಆಗೋದು. ಪ್ರತಿ ಸಲ ಅದೇ ಪಟ್ಟು ಬೆಳೀತಿದ್ರೆ ಲಾಗ್ ಗ್ರಾಫ್‌ನಲ್ಲಿ ಚುಕ್ಕಿಗಳು ಸಾಲಾಗಿ ಒಂದು ನೇರ ಗೆರೆ ಮೇಲೆ ಕೂರುತ್ವೆ, ಎಕ್ಸ್‌ಪೊನೆನ್ಷಿಯಲ್ ಬೆಳವಣಿಗೆಯನ್ನ ಗುರುತು ಹಿಡಿಯೋದೇ ಹಾಗೆ.

ಇದನ್ನೇ, ಆಮೇಲೆ ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ಗಾರ್ಡನ್ ಮೂರ್ 1965ರಲ್ಲಿ ಮಾಡಿದ್ದು. ಕೈಯಲ್ಲಿದ್ದ ಕೆಲವೇ ಚುಕ್ಕಿಗಳನ್ನ ಲಾಗ್ ಸ್ಕೇಲ್ ಮೇಲೆ ಇಟ್ಟು, ವರ್ಷಕ್ಕೊಂದು ಡಬಲ್ ಅಂತ ಗೆರೆ ಮುಂದಕ್ಕೆ ಎಳೆದು, 1975ಕ್ಕೆ ಒಂದು ಚಿಪ್‌ನಲ್ಲಿ 65,000 ಕಾಂಪೊನೆಂಟ್ ಬರುತ್ತೆ ಅಂದ್ರು. 1975ರಲ್ಲಿ ಅವರೇ ಆ ವೇಗ ಇನ್ಮೇಲೆ ಎರಡು ವರ್ಷಕ್ಕೊಂದು ಡಬಲ್‌ಗೆ ಇಳಿಯುತ್ತೆ ಅಂತ ತಿದ್ದಿದ್ರು. ನೀವು ಕೇಳಿರೋ 'ಎರಡು ವರ್ಷ' ಬಂದಿದ್ದು ಆ ತಿದ್ದುಪಡಿಯಿಂದ, ಮೂರ್ ನಿಯಮ ಅನ್ನೋದು ಇದನ್ನೇ.

ಇನ್ನು ಗೆರೆ ಕೂರಿಸೋದು. ಪೈಥಾನ್‌ನಲ್ಲಾದ್ರೆ ಇಷ್ಟೇ:

```python
import numpy as np
year = np.array([1971, 1978, 1985, 1993, 2000])
count = np.array([2300, 29e3, 275e3, 3.1e6, 42e6])
m, c = np.polyfit(year - 1971, np.log10(count), 1)
print(m, np.log10(2) / m)
print(10 ** (c + m * (2020 - 1971)))
```

ಎಕ್ಸೆಲ್‌ನಲ್ಲಾದ್ರೆ ಪಕ್ಕದ ಕಾಲಂನಲ್ಲಿ `=LOG10(B2)` ಹಾಕಿ, ವರ್ಷದಿಂದ 1971 ಕಳೆದು ಇನ್ನೊಂದು ಕಾಲಂ ಮಾಡಿ, ಆಮೇಲೆ `SLOPE` ಮತ್ತು `INTERCEPT`. ಇಳಿಜಾರು 0.1445 ಬರುತ್ತೆ. 2ರ ಲಾಗ್ 0.3010, ಅದನ್ನ 0.1445ರಿಂದ ಭಾಗಿಸಿದ್ರೆ 2.08 ವರ್ಷ, ಅಂದ್ರೆ ಸುಮಾರು 25 ತಿಂಗಳಿಗೊಂದು ಡಬಲ್. ಮೂರ್ ಹೇಳಿದ್ದಕ್ಕೆ ಹತ್ತಿರಾನೇ ಇದೆ.

ಇಲ್ಲಿ ನಾನು ಬೇಕಂತಲೇ 2000ಕ್ಕೆ ನಿಲ್ಲಿಸಿದ್ದೀನಿ. ಭವಿಷ್ಯ ಹೇಳೋ ಮೊದ್ಲು ಗೆರೆಯನ್ನ ಪರೀಕ್ಷೆ ಮಾಡ್ಬೇಕು, ಅದಕ್ಕೆ ಗೆರೆ ನೋಡದೇ ಇರೋ ಡೇಟಾ ಬೇಕು. 2008ಕ್ಕೆ ಈ ಗೆರೆ 55 ಕೋಟಿ ಅನ್ನುತ್ತೆ, ಆ ವರ್ಷ ಬಂದ ನಾಲ್ಕು ಕೋರ್‌ನ ಕೋರ್ ಐ7ನಲ್ಲಿ ಇದ್ದಿದ್ದು 73.1 ಕೋಟಿ. 2020ಕ್ಕೆ 2,980 ಕೋಟಿ ಅನ್ನುತ್ತೆ, ಎಂ1ನಲ್ಲಿ 1,600 ಕೋಟಿ. ಎರಡನೇದು ದೊಡ್ಡ ತಪ್ಪು ಅನ್ಸಬಹುದು, ಆದ್ರೆ ಲಾಗ್ ಸ್ಕೇಲ್‌ನಲ್ಲಿ ತಪ್ಪನ್ನ ಅಳೀಬೇಕಾದ್ದು ಎಷ್ಟು ಪಟ್ಟು ಅನ್ನೋದ್ರಲ್ಲಿ, ವ್ಯತ್ಯಾಸದಲ್ಲಲ್ಲ. 1.86 ಪಟ್ಟು ಅಂದ್ರೆ ಒಂದು ಡಬಲ್‌ಗಿಂತ ಕಮ್ಮಿ, ಗೆರೆ ಪ್ರಕಾರ 1,600 ಕೋಟಿ 2018ರಲ್ಲಿ ಬರಬೇಕಿತ್ತು, ಬಂದಿದ್ದು 2020ರಲ್ಲಿ. ಇಪ್ಪತ್ತು ವರ್ಷ ಮುಂದಿನದನ್ನ ಐದು ಚುಕ್ಕಿಯಿಂದ ಹೇಳಿ ಎರಡು ವರ್ಷ ತಪ್ಪೋದು ನನ್ನ ಪ್ರಕಾರ ತುಂಬಾನೇ ಒಳ್ಳೇ ಫಲಿತಾಂಶ.

ಎಕ್ಸೆಲ್ ಬಳಸೋರು ಬೀಳೋ ಒಂದು ಗುಂಡಿ ಹೇಳ್ಲೇಬೇಕು. ವರ್ಷದಿಂದ 1971 ಕಳೀದೆ ನೇರ 1971, 1978 ಅಂತಲೇ ಎಕ್ಸ್ ಅಕ್ಷದಲ್ಲಿ ಇಟ್ಟು, ಎಕ್ಸ್‌ಪೊನೆನ್ಷಿಯಲ್ ಟ್ರೆಂಡ್‌ಲೈನ್ ಹಾಕಿ ಸಮೀಕರಣ ತೋರಿಸು ಅಂದ್ರೆ `y = 5E-282e^0.3326x` ತರದ್ದು ಬರುತ್ತೆ. ಆ 5E-282 ಅನ್ನೋದು ಕ್ರಿಸ್ತಶಕ ಸೊನ್ನೇ ವರ್ಷದಲ್ಲಿದ್ದ ಟ್ರಾನ್ಸಿಸ್ಟರ್ ಸಂಖ್ಯೆ, ಅರ್ಥವೇ ಇಲ್ಲದ್ದು. ಅರ್ಥ ಇಲ್ದಿದ್ರೆ ಹೋಗ್ಲಿ, ಆದ್ರೆ ಆ 0.3326ನ ಯಾರಾದ್ರೂ 0.33 ಅಂತ ರೌಂಡ್ ಮಾಡಿ 2020 ಹಾಕಿದ್ರೆ ಉತ್ತರ ಇನ್ನೂರು ಪಟ್ಟು ಕಮ್ಮಿ ಬರುತ್ತೆ, ಯಾಕಂದ್ರೆ ಆ ಚಿಕ್ಕ ತಪ್ಪು ಎರಡು ಸಾವಿರದಿಂದ ಗುಣಿಸಿ ಘಾತದ ಮೇಲೆ ಕೂತಿರುತ್ತೆ. ಸುಮಾರು 15 ಕೋಟಿ ಅಂತ ಬಂದುಬಿಡುತ್ತೆ, 2008ರ ಚಿಪ್‌ಗಿಂತ ಕಮ್ಮಿ, ಏನೋ ಎಡವಟ್ಟಾಗಿದೆ ಅಂತ ಅಲ್ಲೇ ಗೊತ್ತಾಗ್ಬೇಕು. 1971 ಕಳೆದು ಮಾಡಿದ್ರೆ ಅದೇ ರೌಂಡಿಂಗ್‌ಗೆ ಬರೀ ಹನ್ನೆರಡು ಹದಿಮೂರು ಶೇಕಡಾ ತಪ್ಪಾಗುತ್ತೆ. ಇನ್ನೊಂದು, ಲೈನ್ ಚಾರ್ಟ್ ಬೇಡ, ಸ್ಕ್ಯಾಟರ್ ಚಾರ್ಟೇ ಹಾಕಿ. ಲೈನ್ ಚಾರ್ಟ್‌ನಲ್ಲಿ ವರ್ಷಗಳು ಬರೀ ಹೆಸರು ಪಟ್ಟಿ ತರ ಆಗಿ ಟ್ರೆಂಡ್‌ಲೈನ್ 1, 2, 3 ಅಂತ ಎಣಿಸ್ಕೊಂಡು ಹೋಗುತ್ತೆ.

ಸರಿ, 2030. ಈಗ 2008 ಮತ್ತು 2020ರ ಚುಕ್ಕಿನೂ ಸೇರಿಸಿ ಏಳು ಚುಕ್ಕಿಗೆ ಮತ್ತೆ ಗೆರೆ ಕೂರಿಸಿದ್ರೆ ಇಳಿಜಾರು 0.1414ಕ್ಕೆ ಇಳಿಯುತ್ತೆ, ಡಬಲ್ ಆಗೋ ಕಾಲ 2.13 ವರ್ಷ. ಮುಂದಕ್ಕೆ ಎಳೆದ್ರೆ 2030ಕ್ಕೆ ಸುಮಾರು 61 ಸಾವಿರ ಕೋಟಿ. ಈ ಒಂಟಿ ಸಂಖ್ಯೆ ಮಾತ್ರ ಬರೆದು ನಿಲ್ಲಿಸ್ಬೇಡಿ. ಚುಕ್ಕಿಗಳು ಗೆರೆಯಿಂದ ಎಷ್ಟು ಆಚೀಚೆ ಇವೆ, ಚುಕ್ಕಿ ಎಷ್ಟು ಕಮ್ಮಿ ಇವೆ, ಡೇಟಾ ಬಿಟ್ಟು ಎಷ್ಟು ದೂರ ಹೋಗ್ತಿದ್ದೀವಿ, ಇದೆಲ್ಲಾ ಸೇರಿಸಿ 95 ಶೇಕಡಾ ಪ್ರೆಡಿಕ್ಷನ್ ಇಂಟರ್ವಲ್, ಅಂದ್ರೆ ಹೊಸ ಚುಕ್ಕಿ ನೂರಕ್ಕೆ 95 ಸಲ ಬೀಳಬೇಕಾದ ವ್ಯಾಪ್ತಿ, ಹಾಕಿದ್ರೆ ಕೆಳಗೆ 22 ಸಾವಿರ ಕೋಟಿ, ಮೇಲೆ 1.7 ಲಕ್ಷ ಕೋಟಿ. ಎರಡೂ ಕಡೆ ಸುಮಾರು 2.8 ಪಟ್ಟು. ಲಾಗ್‌ನಲ್ಲಿ ಲೆಕ್ಕ ಹಾಕಿ ವಾಪಸ್ ಬಂದಾಗ ಪ್ಲಸ್ ಮೈನಸ್ ಅನ್ನೋದು ಗುಣಾಕಾರ ಭಾಗಾಕಾರ ಆಗುತ್ತೆ, ಹಾಗಾಗಿ ಮೇಲಿನ ಕಡೆ ಅಗಲ ಜಾಸ್ತಿ ಕಾಣೋದು ಸಹಜ.

ಆದ್ರೆ ಆ ಇಂಟರ್ವಲ್ ಕೂಡ ಒಂದು ಮಾತನ್ನ ನಂಬ್ಕೊಂಡು ನಿಂತಿದೆ, ಇಳಿಜಾರು ಬದಲಾಗಿಲ್ಲ ಅಂತ. ಅದನ್ನ ನೋಡೋಕೆ ಗೆರೆಯಿಂದ ಪ್ರತಿ ಚುಕ್ಕಿ ಮೇಲಿದ್ಯಾ ಕೆಳಗಿದ್ಯಾ ಅಂತ ಬರೆದುಕೊಳ್ಳಿ. ಈ ಏಳರಲ್ಲಿ 2000 ಮತ್ತು 2008 ಗೆರೆಗಿಂತ ಮೇಲೆ, 2020 ಗೆರೆಗಿಂತ ಚೆನ್ನಾಗೇ ಕೆಳಗೆ. ಒಂದು ಚುಕ್ಕಿ ನೋಡಿ ಗೆರೆ ಬಾಗಿದೆ ಅನ್ನೋಕಾಗಲ್ಲ, ಆದ್ರಿಂದ 2024ಕ್ಕೆ ಬನ್ನಿ. ಆ ವರ್ಷಕ್ಕೆ ಗೆರೆ ಹೇಳೋದು 8,700 ಕೋಟಿ. ಅದೇ ವರ್ಷ ಬಂದ ಆಪಲ್ ಎಂ4ರಲ್ಲಿ 2,800 ಕೋಟಿ, ಎನ್ವಿಡಿಯಾದ ದೊಡ್ಡ ಜಿಪಿಯು ಬಿ200ನಲ್ಲಿ 20,800 ಕೋಟಿ. ಒಂದು ಗೆರೆಗಿಂತ ಮೂರು ಪಟ್ಟು ಕೆಳಗೆ, ಇನ್ನೊಂದು ಎರಡು ಪಟ್ಟಿಗಿಂತ ಮೇಲೆ! ನನಗೆ ಈ ಇಡೀ ಲೆಕ್ಕದಲ್ಲಿ ಅತಿ ಮುಖ್ಯ ಅನ್ಸೋದು ಇದೇ, 1971ರಲ್ಲಿ 'ಚಿಪ್' ಅಂದ್ರೆ ಏನು ಅಂತ ಯಾರೂ ಕೇಳ್ಬೇಕಿರಲಿಲ್ಲ, ಈಗ ಕೇಳದೆ ಗೆರೆ ಎಳೆಯೋಕಾಗಲ್ಲ.

ಎಂ1ರಿಂದ ಎಂ4ಗೆ ಮೂರೂವರೆ ವರ್ಷ, 1,600 ಕೋಟಿಯಿಂದ 2,800 ಕೋಟಿ, ಅಂದ್ರೆ 1.75 ಪಟ್ಟು. ಡಬಲ್ ಆಗೋಕೆ 4.3 ವರ್ಷ ಬೇಕು, ಹಳೇ ಲೆಕ್ಕದ ಎರಡರಷ್ಟು. ಇನ್ನೊಂದು ಕಡೆ ಎನ್ವಿಡಿಯಾ, 2016ರ ಪಿ100ನಲ್ಲಿ 1,530 ಕೋಟಿ, 2024ರ ಬಿ200ನಲ್ಲಿ 20,800 ಕೋಟಿ, ಡಬಲ್ ಆಗೋ ಕಾಲ 2.1 ವರ್ಷ, ಮೂರ್ ನಿಯಮ ಗಟ್ಟಿಯಾಗೇ ಇದೆ ಅನ್ಸುತ್ತೆ. ಆದ್ರೆ ಬಿ200 ಒಂದು ಡೈ, ಅಂದ್ರೆ ಒಂದೇ ಸಿಲಿಕಾನ್ ತುಂಡು, ಅಲ್ಲ, ತಲಾ 10,400 ಕೋಟಿ ಇರೋ ಎರಡು ಡೈ ಜೋಡಿಸಿರೋದು. 2022ರ ಎಚ್100 ಒಂದೇ ಡೈ, ಅದ್ರಲ್ಲಿ 8,000 ಕೋಟಿ. ಹಾಗಾಗಿ ಡೈಗೆ ಡೈ ಹೋಲಿಸಿದ್ರೆ ಎರಡು ವರ್ಷದಲ್ಲಿ 1.3 ಪಟ್ಟು ಮಾತ್ರ.

ಜೋಡಿಸೋಕೆ ಕಾರಣ ಇದೆ. ಲಿಥೋಗ್ರಫಿ ಮೆಷಿನ್ ಒಂದು ಸಲಕ್ಕೆ ಸಿಲಿಕಾನ್ ಮೇಲೆ ಅಚ್ಚೊತ್ತೋ ಜಾಗ 26 ಮಿಲಿಮೀಟರ್‌ಗೆ 33 ಮಿಲಿಮೀಟರ್, ಅಂದ್ರೆ 858 ಚದರ ಮಿಲಿಮೀಟರ್. ಎಚ್100 ಆಗ್ಲೇ 814 ಆಗಿತ್ತು. ಡೈ ದೊಡ್ಡದು ಮಾಡೋಕೆ ಜಾಗ ಮುಗೀತು, ಸಾಂದ್ರತೆ ಹಳೇ ವೇಗದಲ್ಲಿ ಏರ್ತಿಲ್ಲ, ಉಳಿದಿದ್ದು ಒಂದೇ ಪ್ಯಾಕೇಜ್‌ನಲ್ಲಿ ಇನ್ನಷ್ಟು ಡೈ ಸೇರಿಸ್ತಾ ಹೋಗೋದು. ಈ ಮಿತಿ ಐವತ್ತು ವರ್ಷದ ಚುಕ್ಕಿಗಳಲ್ಲಿ ಎಲ್ಲೂ ಬರೆದಿಲ್ಲ, ಹಾಗಾಗಿ ಗೆರೆಗೆ ಅದು ಗೊತ್ತಾಗೋ ದಾರಿ ಇಲ್ಲ.

ಆದ್ರಿಂದ ನಿಮ್ಮ ಶೀಟ್‌ನಲ್ಲಿ ಇನ್ನೊಂದು ಕಾಲಂ ಹಾಕಿ, ಚಿಪ್ ಯಾವ ಜಾತಿದು, ಒಂದು ಡೈಯೋ ಹಲವೋ ಅಂತ, ಆಮೇಲೆ ಬೇರೆ ಬೇರೆ ಗೆರೆ ಎಳೀರಿ. ಎಂ4 ಸಾಲಿನ ಲ್ಯಾಪ್‌ಟಾಪ್ ಚಿಪ್ ಈಗಿನ 4.3 ವರ್ಷದ ವೇಗದಲ್ಲೇ ಹೋದ್ರೆ 2030ಕ್ಕೆ ಸುಮಾರು 7,400 ಕೋಟಿ. ಹಲವು ಡೈ ಜೋಡಿಸಿದ ದೊಡ್ಡ ಜಿಪಿಯು ಪ್ಯಾಕೇಜ್ 2.1 ವರ್ಷದ ವೇಗ ಹಿಡ್ಕೊಂಡ್ರೆ ಸುಮಾರು ಒಂದೂವರೆ ಲಕ್ಷ ಕೋಟಿ. ಎರಡೂ ಎರಡೇ ಚುಕ್ಕಿಯಿಂದ ಬಂದಿರೋ ವೇಗ, ಆದ್ರಿಂದ ಮಧ್ಯದ ವರ್ಷಗಳ ಚಿಪ್‌ಗಳನ್ನ ನೀವು ಸೇರಿಸಿದಷ್ಟೂ ಒಳ್ಳೇದು. ಏಳು ಚುಕ್ಕಿಯ ಗೆರೆ ಹೇಳಿದ 61 ಸಾವಿರ ಕೋಟಿ ಇವೆರಡರ ಮಧ್ಯೆ ಬೀಳುತ್ತೆ, ಈ ಎರಡು ಸಾಲಲ್ಲಿ ಯಾವುದರ ಉತ್ತರವೂ ಅದಲ್ಲ.