ಮೊದಲ ಮೂರು ಸಾಲಿನಲ್ಲಿ ಏನಿರಬೇಕು?

“ಮಾನ್ಯ ಸಂಪಾದಕರೇ, ಗೋದಾಮಿನಿಂದ ಸರಕು ತಡವಾಗಿ ಹೊರಡುವುದರ ಬಗ್ಗೆ ನಾನು ಸಿದ್ಧಪಡಿಸಿದ 40 ಪುಟಗಳ ವರದಿಯನ್ನೂ ಅದರ ಕಾರ್ಯನಿರ್ವಾಹಕ ಸಾರಾಂಶವನ್ನೂ ಕಳುಹಿಸುತ್ತಿದ್ದೇನೆ. ಸಾರಾಂಶ ಓದಿದ ವ್ಯವಸ್ಥಾಪಕರು ‘ಹಾಗಾದರೆ ನಾವೀಗ ಏನು ಮಾಡಬೇಕು?’ ಎಂದು ಕೇಳಿದರು. ಎಲ್ಲವನ್ನೂ ಬರೆದಿದ್ದೇನೆ ಎಂದೇ ನನ್ನ ಭಾವನೆ. ಕೊರತೆ ಎಲ್ಲಿದೆ, ದಯವಿಟ್ಟು ತಿಳಿಸಿ.”

ಆತ್ಮೀಯರೇ,

ನಿಮ್ಮ ಭಾಷೆ ಸ್ವಚ್ಛವಾಗಿದೆ, ಅಂಕಿ-ಅಂಶಗಳನ್ನು ಶ್ರದ್ಧೆಯಿಂದ ಕಲೆಹಾಕಿದ್ದೀರಿ. ಆದರೂ ಸಾರಾಂಶ ಓದಿ ನನಗೆ ಬೇಸರವಾಯಿತು. ವರದಿಯ 27ನೇ ಪುಟದಲ್ಲಿ ವಿಳಂಬದ ಮೂಲವನ್ನೇ ನೀವು ಹಿಡಿದುಕೊಟ್ಟಿದ್ದೀರಿ, ಸಾರಾಂಶದಲ್ಲಿ ಮಾತ್ರ ಅದರ ಸುಳಿವೂ ಇಲ್ಲ.

ನಿಮ್ಮ ಮೊದಲ ವಾಕ್ಯ: “ಈ ವರದಿಯು ಸರಕು ರವಾನೆಯ ವಿಳಂಬಕ್ಕೆ ಕಾರಣವಾಗುವ ವಿವಿಧ ಅಂಶಗಳನ್ನು ಪರಿಶೀಲಿಸುತ್ತದೆ.” ಇದು ವರದಿಯೊಳಗೆ ಏನಿದೆ ಎಂದು ಹೇಳುತ್ತದೆಯೇ ಹೊರತು ವರದಿ ಏನನ್ನು ಕಂಡುಕೊಂಡಿತು ಎಂದು ಹೇಳುವುದಿಲ್ಲ. ಎರಡನೆಯದು: “ಮೂರು ತಿಂಗಳ ದಾಖಲೆಗಳನ್ನು ವಿಶ್ಲೇಷಿಸಿ, ಸಿಬ್ಬಂದಿಯನ್ನು ಸಂದರ್ಶಿಸಲಾಯಿತು.” ಓದುವವರಿಗೆ ನಂಬಿಕೆ ಬರುವುದಕ್ಕೆ ವಿಧಾನದ ಬಗ್ಗೆ ಅರ್ಧ ವಾಕ್ಯ ಸಾಕು, ಅದೂ ಫಲಿತಾಂಶದ ಜೊತೆಗೆ. ಮೂರನೆಯದು: “ವಿಳಂಬಕ್ಕೆ ಹಲವು ಕಾರಣಗಳಿರುವುದು ಕಂಡುಬಂದಿದೆ.” ಅಧ್ಯಯನ ಆರಂಭಿಸುವ ಹಿಂದಿನ ದಿನವೂ ಈ ವಾಕ್ಯವನ್ನು ಬರೆಯಬಹುದಾಗಿತ್ತು. ಅಂತಹ ಯಾವ ವಾಕ್ಯಕ್ಕೂ ಸಾರಾಂಶದಲ್ಲಿ ಜಾಗವಿರಬಾರದು. ವರದಿಯ ಅಧ್ಯಾಯಗಳ ಕ್ರಮವನ್ನೇ ಹಿಡಿದು ನೀವು ಸಾರಾಂಶ ಬರೆದಿರುವುದರಿಂದ ಹೀಗಾಗಿದೆ. ವರದಿ ಸಾಕ್ಷ್ಯದಿಂದ ತೀರ್ಮಾನದ ಕಡೆಗೆ ನಡೆಯುತ್ತದೆ. ಸಾರಾಂಶ ತೀರ್ಮಾನದಿಂದಲೇ ಹೊರಡಬೇಕು.

ನಾನು ಈ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಹಿರಿಯ ಅಧಿಕಾರಿಯೊಬ್ಬರು ಸಾರಾಂಶದ ಮೊದಲ ಮೂರು ಸಾಲುಗಳನ್ನು ಮಾತ್ರ ಬಿಟ್ಟು, ಉಳಿದದ್ದನ್ನು ಖಾಲಿ ಹಾಳೆಯಿಂದ ಮುಚ್ಚಿ, “ಇಷ್ಟನ್ನೇ ನಂಬಿ ನಾನು ಸಹಿ ಹಾಕಬಹುದೇ?” ಎಂದು ಕೇಳುತ್ತಿದ್ದರು. ಎರಡು ಸಭೆಗಳ ನಡುವೆ ತಾವು ಓದುವುದು ಅಷ್ಟನ್ನೇ ಎಂದು ಅವರಿಗೆ ಗೊತ್ತಿತ್ತು. ನಿಮ್ಮ ಸಾರಾಂಶವನ್ನೂ ನಾನು ಮೊದಲು ಓದಿದ್ದು ಹಾಗೆಯೇ.

ಈಗ 27ನೇ ಪುಟಕ್ಕೆ ಬರೋಣ. ಅಲ್ಲಿರುವ ವಿಷಯದಿಂದಲೇ ಆ ಮೂರು ಸಾಲುಗಳನ್ನು ಬರೆಯಬಹುದು: “ಪ್ರತಿ 100 ಆರ್ಡರ್‌ಗಳಲ್ಲಿ 18 ತಡವಾಗಿ ಹೊರಡುತ್ತಿವೆ ಎಂದು ಮೂರು ತಿಂಗಳ ದಾಖಲೆಗಳು ತೋರಿಸುತ್ತವೆ, ಈ 18ರಲ್ಲಿ 11 ಮಧ್ಯಾಹ್ನ 2 ಗಂಟೆಯ ನಂತರ ಬಂದವು. ದಿನದ ಕೊನೆಯ ಸರಕು ಪಟ್ಟಿ 2 ಗಂಟೆಗೇ ಮುದ್ರಣವಾಗುವುದರಿಂದ ಅವು ಮರುದಿನದವರೆಗೆ ಕಾಯುತ್ತವೆ. ಸಂಜೆ 5 ಗಂಟೆಗೆ ಇನ್ನೊಂದು ಪಟ್ಟಿ ಮುದ್ರಿಸಲು ಅನುಮೋದನೆ ಕೋರುತ್ತೇವೆ.” ಇದರ ಜೊತೆಗೆ, 2 ಗಂಟೆಯ ನಂತರ ಬರುವ ಆರ್ಡರ್‌ಗಳು ಒಟ್ಟಿನಲ್ಲಿ ಕಾಲು ಭಾಗ ಮಾತ್ರ ಎಂಬ ನಿಮ್ಮದೇ ಅಂಕಿಯನ್ನು ಸೇರಿಸಲೇಬೇಕು. ಹೆಚ್ಚಿನ ಆರ್ಡರ್‌ಗಳು ಆ ಹೊತ್ತಿಗೇ ಬರುವುದಾಗಿದ್ದರೆ 11 ಎಂಬುದು ಏನನ್ನೂ ಸಾಬೀತುಪಡಿಸುತ್ತಿರಲಿಲ್ಲ. ಕಾಲು ಭಾಗ ಆರ್ಡರ್‌ಗಳಿಂದ ಅರ್ಧಕ್ಕಿಂತ ಹೆಚ್ಚು ವಿಳಂಬ ಉಂಟಾಗುತ್ತಿದೆ ಎಂದಾಗಲೇ ವ್ಯವಸ್ಥಾಪಕರಿಗೆ ಪಟ್ಟಿಯ ಮೇಲೆ ಅನುಮಾನ ಮೂಡುತ್ತದೆ.

ಉಳಿದ 7 ಆರ್ಡರ್‌ಗಳ ಕಾರಣ ನಿಮ್ಮ ವರದಿಯಲ್ಲಿ ಖಚಿತವಾಗಿಲ್ಲ. ಅದನ್ನೂ ಒಂದು ವಾಕ್ಯದಲ್ಲಿ ಹೇಳಿ. ಇಲ್ಲವಾದರೆ ಹೊಸ ಪಟ್ಟಿಯಿಂದ ವಿಳಂಬವೆಲ್ಲ ನಿಲ್ಲುತ್ತದೆ ಎಂದು ಓದುಗರು ತಿಳಿದು, ಮೂರು ತಿಂಗಳ ನಂತರ ನಿಮ್ಮ ಸರಿಯಾದ ಶಿಫಾರಸನ್ನೇ ವಿಫಲವೆಂದು ತಳ್ಳಿಹಾಕುತ್ತಾರೆ.

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ನಿಮ್ಮ ಶಿಫಾರಸುಗಳು. “ಪ್ರಕ್ರಿಯೆಯನ್ನು ಸುಧಾರಿಸಬೇಕು.” ಯಾವ ಪ್ರಕ್ರಿಯೆಯನ್ನು? “ವಿಭಾಗಗಳ ನಡುವೆ ಸಮನ್ವಯ ಹೆಚ್ಚಿಸಬೇಕು.” ಇದನ್ನು ಯಾರೂ ವಿರೋಧಿಸುವುದಿಲ್ಲ, ಯಾರೂ ನಾಳೆ ಬೆಳಿಗ್ಗೆ ಆರಂಭಿಸಲೂ ಆಗುವುದಿಲ್ಲ. “ಸಿಬ್ಬಂದಿಗೆ ತರಬೇತಿ ನೀಡಬೇಕು.” ತರಬೇತಿಯ ಕೊರತೆಯಿಂದ ತಡವಾಯಿತು ಎಂಬ ಸಾಕ್ಷ್ಯಕ್ಕಾಗಿ ವರದಿಯನ್ನೆಲ್ಲ ಹುಡುಕಿದೆ, ಸಿಗಲಿಲ್ಲ. ಸಾಕ್ಷ್ಯವಿಲ್ಲದ ಇಂತಹ ಒಂದು ಶಿಫಾರಸು ಸಾಕ್ಷ್ಯವಿರುವ ಶಿಫಾರಸಿನ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ, ತೆಗೆದುಬಿಡಿ.

ಅದರ ಬದಲಿಗೆ ಹೀಗೆ ಬರೆಯಿರಿ: “ಗೋದಾಮಿನ ಮೇಲ್ವಿಚಾರಕರು ಮುಂದಿನ ತಿಂಗಳ 1ರಿಂದ ನಾಲ್ಕು ವಾರ ಸಂಜೆಯ ಪಟ್ಟಿಯನ್ನು ಪ್ರಾಯೋಗಿಕವಾಗಿ ನಡೆಸಲಿ. ಇದಕ್ಕೆ ಇಬ್ಬರು ಸಿಬ್ಬಂದಿಯ ಪಾಳಿಯನ್ನು ಎರಡು ಗಂಟೆ ಮುಂದಕ್ಕೆ ಹಾಕಬೇಕಾಗುತ್ತದೆ. ಹೊಸ ನೇಮಕ ಬೇಕಿಲ್ಲ. 2 ಗಂಟೆಯ ನಂತರದ ಆರ್ಡರ್‌ಗಳ ವಿಳಂಬ ಅರ್ಧಕ್ಕಿಳಿಯದಿದ್ದರೆ ಪ್ರಯೋಗವನ್ನು ನಿಲ್ಲಿಸಬಹುದು.” ಯಾರು, ಎಂದಿನಿಂದ, ಏನು ತಗಲುತ್ತದೆ, ಫಲಿಸಿತೆಂದು ತಿಳಿಯುವುದು ಹೇಗೆ ಎಂಬುದೆಲ್ಲ ಇಲ್ಲಿದೆ. ವ್ಯವಸ್ಥಾಪಕರು ಒಪ್ಪಬಹುದು ಅಥವಾ ನಿರಾಕರಿಸಬಹುದು, ಆದರೆ ಏನು ಮಾಡಬೇಕೆಂದು ಮತ್ತೆ ಕೇಳುವುದಿಲ್ಲ.

ಸಾರಾಂಶದಲ್ಲಿ ಎರಡು ಕಡೆ “ಕೋಷ್ಟಕ 4 ನೋಡಿ” ಎಂದಿದೆ. ಅಂಕಿಯನ್ನು ಅಲ್ಲಿಯೇ ಬರೆದು, ಪಕ್ಕದಲ್ಲಿ ಪುಟಸಂಖ್ಯೆ ಕೊಡಿ. ಅನುಮಾನ ಬಂದವರು ಆ ಒಂದು ಪುಟವನ್ನು ತೆರೆದು ನೋಡುತ್ತಾರೆ, ಉಳಿದವರು ಮುಂದೆ ಓದುತ್ತಾರೆ. ತಿದ್ದಿದ ಪ್ರತಿ ಒಂದು ಪುಟವನ್ನು ಮೀರದಿರಲಿ. ವರದಿಯ ಜೊತೆಗೆ ಬೇಡ, ಅದೊಂದನ್ನೇ ಕಳುಹಿಸಿ.